ಖಾತೆಗೆ ಇಪ್ಪತ್ತೊಂದು ತುಂಬುವಾಗ ಮಗಳಿಗೆಷ್ಟು?

ಮಗಳಿಗೆ ಇಪ್ಪತ್ತೊಂದು ತುಂಬಿದಾಗ ಸುಕನ್ಯಾ ಸಮೃದ್ಧಿ ಹಣ ಕೈಗೆ ಬರುತ್ತದೆ ಎಂದು ನಂಬಿರುವ ತಂದೆ ತಾಯಂದಿರು ಬಹಳ ಮಂದಿ. ಆ 21 ವರ್ಷದ ಲೆಕ್ಕ ಮಗಳ ವಯಸ್ಸಿನದಲ್ಲ, ಖಾತೆಯ ವಯಸ್ಸಿನದು. ಹುಟ್ಟಿದ ವರ್ಷವೇ ಖಾತೆ ತೆರೆದರೆ ಅವಳ 21ಕ್ಕೆ ಹಣ ಬರುತ್ತದೆ. ಮೂರನೇ ವರ್ಷಕ್ಕೆ ತೆರೆದರೆ 24ಕ್ಕೆ. ಹತ್ತು ತುಂಬುವ ಮುಂಚೆ ತೆರೆದುಬಿಡೋಣ ಎಂದು ಒಂಬತ್ತಕ್ಕೆ ಅಂಚೆ ಕಚೇರಿಗೆ ಹೋದವರಿಗೆ ಪೂರ್ತಿ ಹಣ ಸಿಗುವ ಹೊತ್ತಿಗೆ ಮಗಳಿಗೆ 30. ಹದಿನೆಂಟು ತುಂಬಿದ ಮೇಲೆ ಮದುವೆಯಾದರೆ ಮೊದಲೇ ಮುಚ್ಚಬಹುದು.

ಕಾಲೇಜಿನ ಫೀಸು ಇದ್ಯಾವುದಕ್ಕೂ ಕಾಯುವುದಿಲ್ಲ. ಪಿಯುಸಿ ಮುಗಿದು ಸೀಟು ಸಿಕ್ಕಿತೆಂದರೆ ಹದಿನೆಂಟರ ಆಸುಪಾಸಿನಲ್ಲೇ ಹಣ ಕಟ್ಟಬೇಕು. ಆದ್ದರಿಂದ ಯಾವುದರಲ್ಲಿ ಬಡ್ಡಿ ಹೆಚ್ಚು ಎಂದು ಕೇಳುವ ಮೊದಲು, ಯಾವ ವರ್ಷ ಎಷ್ಟು ಹಣ ಕೈಗೆ ಸಿಗುತ್ತದೆ ಎಂದು ಕೇಳಬೇಕು. ಅಂಚೆ ಕಚೇರಿಯೋ ಈಕ್ವಿಟಿ ಫಂಡೋ ಎನ್ನುವುದಕ್ಕೂ ಅಲ್ಲೇ ಉತ್ತರವಿದೆ.

ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ಮಗುವಿಗೆ ಮೂರು ವರ್ಷ. ವರ್ಷಕ್ಕೆ 60,000 ರೂಪಾಯಿ ಉಳಿಸುವ ಶಕ್ತಿಯಿದೆ. ಈ ಖಾತೆಗೆ ವರ್ಷಕ್ಕೆ ಕನಿಷ್ಠ 250, ಗರಿಷ್ಠ ಒಂದೂವರೆ ಲಕ್ಷ ಕಟ್ಟಬಹುದು. ಕಟ್ಟುವುದು ಮೊದಲ 15 ವರ್ಷ ಮಾತ್ರ, ಆಮೇಲಿನ ಆರು ವರ್ಷ ಹಣ ತಾನೇ ಬೆಳೆಯುತ್ತದೆ. 2024ರ ಜನವರಿಯಲ್ಲಿ ನಿಗದಿಯಾದ ಶೇ. 8.2ರ ಬಡ್ಡಿಯೇ ಕೊನೆಯವರೆಗೂ ಉಳಿಯಿತು ಎಂದುಕೊಂಡರೆ, ಪ್ರತಿ ಏಪ್ರಿಲ್ ಮೊದಲ ವಾರ 60,000 ಕಟ್ಟುತ್ತ ಬಂದವರ ಪಾಸ್‌ಬುಕ್ಕಿನಲ್ಲಿ ಮಗಳ ಹದಿನೆಂಟಕ್ಕೆ ಸುಮಾರು 17.9 ಲಕ್ಷ ಇರುತ್ತದೆ. ಕಟ್ಟಿದ್ದು ಒಂಬತ್ತು ಲಕ್ಷ. ಮುಟ್ಟದೆ ಬಿಟ್ಟರೆ ಅವಳ 24ಕ್ಕೆ ಅದು 28.7 ಲಕ್ಷವಾಗುತ್ತದೆ, ಅದೂ ಒಂದು ರೂಪಾಯಿ ತೆರಿಗೆಯಿಲ್ಲದೆ.

ಆದರೆ ಹದಿನೆಂಟಕ್ಕೆ ಈ 17.9 ಲಕ್ಷದಲ್ಲಿ ಸಿಗುವುದು ಅರ್ಧ ಮಾತ್ರ. ಹತ್ತನೇ ತರಗತಿ ಪಾಸಾದ ಮೇಲೆ ಅಥವಾ ಹದಿನೆಂಟು ತುಂಬಿದ ಮೇಲೆ, ಯಾವುದು ಮೊದಲೋ ಆಗ, ಹಿಂದಿನ ಹಣಕಾಸು ವರ್ಷದ ಕೊನೆಯಲ್ಲಿದ್ದ ಮೊತ್ತದ ಶೇ. 50ರವರೆಗೆ ಓದಿಗೆಂದು ತೆಗೆಯಬಹುದು. ಕಾಲೇಜಿನ ಪ್ರವೇಶ ಪತ್ರವನ್ನೋ ಫೀಸಿನ ಚೀಟಿಯನ್ನೋ ತೋರಿಸಬೇಕು, ಫೀಸಿಗಿಂತ ಹೆಚ್ಚು ಕೊಡುವುದಿಲ್ಲ. ನಮ್ಮ ಲೆಕ್ಕದ ಮನೆಗೆ ಸಿಗುವುದು ಸುಮಾರು ಒಂಬತ್ತು ಲಕ್ಷ. ಉಳಿದ ಅರ್ಧ ಅವಳ 24ರವರೆಗೆ ಅಲ್ಲೇ ಬೆಳೆದು 14 ಲಕ್ಷ ದಾಟುತ್ತದೆ. ಸ್ನಾತಕೋತ್ತರ ಓದಿಗೋ ಮೊದಲ ಮನೆಯ ಮುಂಗಡಕ್ಕೋ ಅದು ಒಳ್ಳೆಯ ಮೊತ್ತ. ಎಂಜಿನಿಯರಿಂಗ್ ಮೊದಲ ವರ್ಷದ ಫೀಸಿಗೆ ಮಾತ್ರ ಅದು ಒದಗದು.

ಬಡ್ಡಿಯ ಬಗ್ಗೆ ಎರಡು ಮಾತು. ಖಾತೆ ತೆರೆದ ದಿನದ ದರ ಕೊನೆಯವರೆಗೂ ಇರುವುದಿಲ್ಲ. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಘೋಷಿಸುತ್ತದೆ, ಅದು ಹಳೆಯ ಹಣಕ್ಕೂ ಅನ್ವಯಿಸುತ್ತದೆ. 2015ರ ಜನವರಿಯಲ್ಲಿ ಯೋಜನೆ ಶುರುವಾದಾಗ ಶೇ. 9.1 ಇತ್ತು, 2020ರ ಏಪ್ರಿಲ್‌ನಲ್ಲಿ 7.6ಕ್ಕೆ ಇಳಿಯಿತು, ಮತ್ತೆ ಏರಿತು. ಇನ್ನೊಂದು, ತಿಂಗಳ ಐದನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕಷ್ಟೇ ಆ ತಿಂಗಳ ಬಡ್ಡಿ. ತೆರಿಗೆ ಉಳಿಸುವ ಗಡಿಬಿಡಿಯಲ್ಲಿ ಮಾರ್ಚ್ ಕೊನೆಗೆ ಕಟ್ಟುವವರು ಇಡೀ ವರ್ಷದ ಬಡ್ಡಿ ಬಿಟ್ಟುಕೊಡುತ್ತಾರೆ. ಅದೇ 60,000ವನ್ನು ಪ್ರತಿ ವರ್ಷ ಏಪ್ರಿಲ್ ಬದಲು ಮಾರ್ಚ್ 31ಕ್ಕೆ ಕಟ್ಟಿದರೆ 15 ವರ್ಷದ ಕೊನೆಗೆ ಸುಮಾರು 1.35 ಲಕ್ಷ ಕಡಿಮೆ. ಇಷ್ಟು ಸುಲಭವಾಗಿ ಉಳಿಸಬಹುದಾದ ಹಣವನ್ನು ಕಳೆದುಕೊಳ್ಳುವುದು ನೋಡಿದರೆ ಸಂಕಟವಾಗುತ್ತದೆ.

ಈಗ ಅದೇ 60,000ವನ್ನು ನಿಫ್ಟಿ 50 ಸೂಚ್ಯಂಕವನ್ನು ಅನುಸರಿಸುವ ಫಂಡಿನಲ್ಲಿ ಹಾಕಿದರೆಂದುಕೊಳ್ಳಿ. ಅಲ್ಲಿ ಘೋಷಿತ ದರ ಎಂಬುದೇ ಇಲ್ಲ. ವರ್ಷಕ್ಕೆ ಸರಾಸರಿ ಶೇ. 12 ಬಂದರೆ 15 ವರ್ಷಕ್ಕೆ 25 ಲಕ್ಷ. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟು ಮಾರಿದಾಗ ಬಂದ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷ ಬಿಟ್ಟು ಉಳಿದದ್ದಕ್ಕೆ ಶೇ. 12.5 ತೆರಿಗೆ. ಒಟ್ಟಿಗೇ ಮಾರಿದರೆ ಸುಮಾರು 1.85 ಲಕ್ಷ ಹೋಗಿ 23 ಲಕ್ಷದಷ್ಟು ಉಳಿಯುತ್ತದೆ. ಶೇ. 9 ಮಾತ್ರ ಬಂದರೆ ತೆರಿಗೆ ಕಳೆದು ಸಿಗುವುದು 18 ಲಕ್ಷ, ಅಂದರೆ ಅಂಚೆ ಕಚೇರಿಯಷ್ಟೇ. ಹೀಗೆ ಫಂಡು 15 ವರ್ಷ ಸರಾಸರಿ ಶೇ. 9 ಗಳಿಸಿದರೆ ಸುಕನ್ಯಾ ಖಾತೆಗೆ ಸಮ. ಅದಕ್ಕಿಂತ ಮೇಲೆ ಬಂದದ್ದೆಲ್ಲ ಏರಿಳಿತ ಸಹಿಸಿದ್ದಕ್ಕೆ ಸಿಕ್ಕ ಪ್ರತಿಫಲ.

ಆ ಏರಿಳಿತ ಸಣ್ಣದಲ್ಲ. 2020ರ ಜನವರಿಯಲ್ಲಿ 12,000 ದಾಟಿದ್ದ ನಿಫ್ಟಿ ಮಾರ್ಚ್ ಕೊನೆಯ ವಾರ 7,600ರ ಹತ್ತಿರಕ್ಕೆ ಕುಸಿಯಿತು. ನವೆಂಬರ್ ಹೊತ್ತಿಗೆ ಎಲ್ಲವೂ ಮರಳಿ ಬಂತು ನಿಜ. ಆದರೆ ಆ ಬೇಸಿಗೆಯಲ್ಲೇ ಫೀಸು ಕಟ್ಟಬೇಕಾಗಿದ್ದ ಮನೆ ನವೆಂಬರ್‌ವರೆಗೆ ಕಾಯುವುದು ಹೇಗೆ? ಫಂಡಿನಲ್ಲಿರುವ ಓದಿನ ಹಣವನ್ನು ಮಗಳು ಹತ್ತನೇ ತರಗತಿಗೆ ಬಂದಾಗಿನಿಂದ ಸ್ವಲ್ಪಸ್ವಲ್ಪವಾಗಿ ತೆಗೆದು ಬ್ಯಾಂಕ್ ಠೇವಣಿಗೆ ಹಾಕುತ್ತ ಬರುವುದು ಕ್ಷೇಮ. ಹೀಗೆ ಎರಡು ಮೂರು ವರ್ಷಕ್ಕೆ ಹಂಚಿ ಮಾರಿದರೆ 1.25 ಲಕ್ಷದ ವಿನಾಯಿತಿ ಪ್ರತಿ ವರ್ಷವೂ ಸಿಕ್ಕಿ ತೆರಿಗೆಯೂ ತಗ್ಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಮೂರು ವರ್ಷದ ಮಗುವಿರುವ ಮನೆಗೆ ಎರಡೂ ಬೇಕು. ತಿಂಗಳಿಗೆ 5,000 ಉಳಿಸುವವರು 3,000 ಸುಕನ್ಯಾ ಖಾತೆಗೆ, 2,000 ಎಸ್‌ಐಪಿಗೆ ಹಾಕಲಿ. ಬೀಗ ಬಿದ್ದ ಅರ್ಧದ ಕೊರತೆಯನ್ನು ಫಂಡು ತುಂಬುತ್ತದೆ, ಫಂಡು ಕೈಕೊಟ್ಟ ವರ್ಷ ಖಾತೆಯ ಅರ್ಧ ಇರುತ್ತದೆ. ಮಗಳಿಗೆ ಈಗಾಗಲೇ ಎಂಟೊಂಬತ್ತು ವರ್ಷವಾಗಿದ್ದರೆ ಖಾತೆಯಲ್ಲಿ ಹದಿನೆಂಟರ ಹೊತ್ತಿಗೆ ಹೆಚ್ಚು ಬೆಳೆದಿರುವುದಿಲ್ಲ, ಸಿಗುವ ಅರ್ಧವೂ ಸಣ್ಣದು. ಅಂಥವರು ಅದನ್ನು ಕಾಲೇಜಿನ ಹಣವೆಂದು ಎಣಿಸದೆ, ಅವಳ ಮುಂದಿನ ಬದುಕಿಗೆ ಇಟ್ಟದ್ದೆಂದು ಬೇರೆ ಲೆಕ್ಕದಲ್ಲಿಡುವುದು ಸರಿ.

ಕಟ್ಟಿದ ಹಣಕ್ಕೆ 80ಸಿ ಅಡಿ ಸಿಗುತ್ತಿದ್ದ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿರುವ ನೌಕರರಿಗೆ ಅದಿಲ್ಲ, ಬಡ್ಡಿಗೆ ತೆರಿಗೆಯಿಲ್ಲ ಎಂಬ ಲಾಭ ಇಬ್ಬರಿಗೂ ಇದೆ. ಫಂಡನ್ನು ಮಗಳ ಹೆಸರಲ್ಲೇ ಕೊಂಡರೆ, ಹದಿನೆಂಟು ತುಂಬುವ ಮೊದಲು ಮಾರಿದ ಲಾಭ ತಂದೆ ತಾಯಿಯರಲ್ಲಿ ಹೆಚ್ಚು ಆದಾಯವಿರುವವರ ಲೆಕ್ಕಕ್ಕೆ ಸೇರುತ್ತದೆ. ತುಂಬಿದ ಮೇಲೆ ಅದು ಅವಳದೇ ಲಾಭ, ಅವಳದೇ ವಿನಾಯಿತಿ.

ಆದರೆ ಹದಿನೆಂಟು ತುಂಬಿದ ದಿನದಿಂದ ಅಪ್ರಾಪ್ತ ವಯಸ್ಸಿನ ಆ ಫಂಡ್ ಖಾತೆಯಲ್ಲಿ ಪೋಷಕರ ಸಹಿ ನಡೆಯುವುದಿಲ್ಲ. ಮಗಳ ಪ್ಯಾನ್, ಕೆವೈಸಿ, ಅವಳ ಸಹಿಯಿರುವ ಬ್ಯಾಂಕ್ ಖಾತೆ ಎಲ್ಲ ಕೊಟ್ಟು ಬದಲಾಯಿಸುವವರೆಗೆ ಎಸ್‌ಐಪಿಯೂ ನಿಲ್ಲುತ್ತದೆ, ಹಣ ತೆಗೆಯಲೂ ಆಗುವುದಿಲ್ಲ. ಸೀಟು ಹಂಚಿಕೆಯ ತಿಂಗಳಲ್ಲೇ ಹುಟ್ಟುಹಬ್ಬ ಬರುವ ಮಕ್ಕಳಿಗೆ ಇದು ದೊಡ್ಡ ತೊಡಕು. ಮೊದಲ ವರ್ಷದ ಫೀಸಿನಷ್ಟನ್ನು ಹುಟ್ಟುಹಬ್ಬಕ್ಕೆ ಮುಂಚೆಯೇ ಹೊರಗೆ ತೆಗೆದಿಡಿ, ಇಲ್ಲವೇ ಆ ಭಾಗದ ಫಂಡನ್ನು ಮೊದಲಿನಿಂದಲೂ ನಿಮ್ಮ ಹೆಸರಲ್ಲೇ ಇಟ್ಟುಕೊಳ್ಳಿ.