ಇಡೀ ಸೆಮಿಸ್ಟರ್‌ನ ಪಾಠ, ಒಂದೇ ಸಲಕ್ಕೆ

ಕಾಲೇಜಿನ ಪೋರ್ಟಲ್‌ನಿಂದ ಒಂದು ಪಿಪಿಟಿ ಇಳಿಸಿಕೊಳ್ಳುವುದು ಏನೂ ಕಷ್ಟವಲ್ಲ. ವಿಷಯದ ಪುಟ ತೆರೆಯಬೇಕು, ಯೂನಿಟ್ ಹುಡುಕಬೇಕು, ಫೈಲಿನ ಮೇಲೆ ಒತ್ತಬೇಕು, ಉಳಿಸಿಕೊಂಡು ಹಿಂದಕ್ಕೆ ಬರಬೇಕು. ಇದನ್ನೇ ಐದಾರು ವಿಷಯಗಳ ಎಲ್ಲ ಯೂನಿಟ್‌ಗಳಿಗೂ ಮಾಡಬೇಕಾದಾಗ ತಾಳ್ಮೆ ಕೆಡುತ್ತದೆ. ಅದರ ಮೇಲೆ, ಸೆಮಿಸ್ಟರ್ ಮುಗಿದ ಮೇಲೆ ಎಷ್ಟೋ ಕಡೆ ಹಳೆಯ ವಿಷಯಗಳು ಪೋರ್ಟಲ್‌ನಲ್ಲಿ ಕಾಣುವುದೇ ಇಲ್ಲ. ಬ್ಯಾಕ್‌ಲಾಗ್ ಉಳಿದವರಿಗೆ ಆ ಪಾಠಗಳೇ ಬೇಕಾಗುತ್ತವೆ.

ಬಹಳಷ್ಟು ಕಾಲೇಜುಗಳ ಪೋರ್ಟಲ್‌ನ ಒಳಗಿರುವುದು ಮೂಡಲ್ ಎಂಬ ತಂತ್ರಾಂಶ. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಕಟ್ಟಿದ ಇದರ ಮೊದಲ ಆವೃತ್ತಿ 2002ರಲ್ಲಿ ಬಂತು. ಯಾರು ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದಾದ್ದರಿಂದ ಕಾಲೇಜುಗಳು ತಮ್ಮ ಹೆಸರು, ತಮ್ಮ ಬಣ್ಣ ಹಚ್ಚಿ ಬಳಸುತ್ತವೆ. ನಿಮ್ಮದೂ ಮೂಡಲ್ಲೇ ಎಂದು ತಿಳಿಯಲು ವಿಳಾಸದ ಪಟ್ಟಿ ನೋಡಿದರೆ ಸಾಕು. ವಿಷಯದ ಪುಟದಲ್ಲಿ `course/view.php?id=` ಎಂದು ಕಂಡರೆ ಅದು ಬಹುಮಟ್ಟಿಗೆ ಮೂಡಲ್.

ಯಾವ ಸಲಕರಣೆಗೂ ಕೈ ಹಾಕುವ ಮುನ್ನ ಪೋರ್ಟಲ್ ತಾನೇ ಏನು ಕೊಡುತ್ತದೆ ಎಂದು ನೋಡಬೇಕು. ಮೇಷ್ಟ್ರು ಸ್ಲೈಡುಗಳನ್ನೆಲ್ಲ ಒಂದು ಫೋಲ್ಡರ್‌ನಲ್ಲಿ ಇಟ್ಟಿದ್ದರೆ, ಆ ಫೋಲ್ಡರ್ ತೆರೆದಾಗ Download folder ಎಂಬ ಗುಂಡಿ ಸಿಗುವುದುಂಟು. ಒತ್ತಿದರೆ ಎಲ್ಲವೂ ಒಂದೇ ಜಿಪ್ ಆಗಿ ಬರುತ್ತದೆ. 2020ರ ಕೊನೆಯಲ್ಲಿ ಬಂದ ಮೂಡಲ್ 3.10ರಿಂದ ಈಚೆಗೆ Download course content ಎಂಬ ಸೌಲಭ್ಯವೂ ಇದೆ. ಇಡೀ ವಿಷಯವನ್ನೇ ಜಿಪ್ ಮಾಡಿ ಕೊಡುವ ಈ ಸೌಲಭ್ಯ ಕಾಣಬೇಕಾದರೆ ಪೋರ್ಟಲ್ ನೋಡಿಕೊಳ್ಳುವವರು ಅದನ್ನು ತೆರೆದಿರಬೇಕು, ಆ ವಿಷಯಕ್ಕೂ ಅದು ಚಾಲೂ ಆಗಿರಬೇಕು. ಇಲ್ಲದಿದ್ದರೆ ಮೇಷ್ಟ್ರನ್ನು ಒಂದು ಮಾತು ಕೇಳಿ. ಅವರ ಕಡೆಯಿಂದ ಒಂದೆರಡು ಕ್ಲಿಕ್‌ನಲ್ಲಿ ಆಗುವ ಕೆಲಸಕ್ಕೆ ಇಡೀ ತರಗತಿ ಸುತ್ತುದಾರಿ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಈ ಎರಡೂ ಇಲ್ಲದಾಗ ಹೆಚ್ಚಿನವರು ಮೊದಲು ಯೋಚಿಸುವುದು ಪುಟದಲ್ಲಿರುವ ಎಲ್ಲ ಲಿಂಕ್‌ಗಳನ್ನೂ ಒಟ್ಟಿಗೆ ಇಳಿಸುವ ಬ್ರೌಸರ್ ಎಕ್ಸ್‌ಟೆನ್ಶನ್ ಅಥವಾ `wget` ಬಗ್ಗೆ. ಎಡವುವುದೂ ಇಲ್ಲೇ. ಮೂಡಲ್‌ನಲ್ಲಿ ಸ್ಲೈಡಿನ ಹೆಸರಿಗೆ ಅಂಟಿಕೊಂಡ ಲಿಂಕ್ ಆ ಫೈಲಿನದ್ದಲ್ಲ. ಅದು `mod/resource/view.php?id=4567` ಎಂಬಂಥ ಒಂದು ನಡುವಿನ ಪುಟದ್ದು. ಆ ಪುಟ ನೀವು ಲಾಗಿನ್ ಆಗಿದ್ದೀರಾ, ಈ ವಿಷಯಕ್ಕೆ ಸೇರಿದ್ದೀರಾ ಎಂದು ನೋಡಿ, ಆಮೇಲೆ `pluginfile.php` ಎಂದಿರುವ ನಿಜವಾದ ವಿಳಾಸಕ್ಕೆ ದಾಟಿಸುತ್ತದೆ. ಲಾಗಿನ್ ಗುರುತು ಬ್ರೌಸರ್‌ನ ಕುಕೀಯಲ್ಲಿ ಇರುತ್ತದೆ. ಹೊರಗಿನ ಸಲಕರಣೆಗೆ ಆ ಕುಕೀ ಸಿಗದಿದ್ದರೆ ಪೋರ್ಟಲ್ ಅದಕ್ಕೆ ಲಾಗಿನ್ ಪುಟವನ್ನೇ ಕೊಡುತ್ತದೆ, ಸಲಕರಣೆ ಅದನ್ನೇ ಪಾಠವೆಂದು ಉಳಿಸುತ್ತದೆ. ಇಳಿದ ಫೈಲುಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರದ್ದಾಗಿದ್ದರೆ ಹೀಗಾಗಿದೆ ಎಂದೇ ತಿಳಿಯಿರಿ. ಕುಕೀ ಕೊಟ್ಟರೂ ಇನ್ನೊಂದು ಅಪಾಯ ಉಂಟು: ಲಿಂಕ್‌ನಿಂದ ಲಿಂಕ್‌ಗೆ ಹೋಗುವ ಸಲಕರಣೆ ಲಾಗ್ ಔಟ್ ಲಿಂಕನ್ನೂ ಬಿಡುವುದಿಲ್ಲ. ಅಲ್ಲಿಂದ ಮುಂದೆ ಬರುವುದೆಲ್ಲ ಮತ್ತೆ ಲಾಗಿನ್ ಪುಟಗಳೇ.

ಆದ್ದರಿಂದ ನಾನು ಹೇಳುವ ದಾರಿ moodle-dl. ಇದು ಪೈಥಾನ್‌ನಲ್ಲಿ ಬರೆದ, ಉಚಿತವಾದ ಸಲಕರಣೆ. ಇದು ಪುಟಗಳ ಗೋಜಿಗೆ ಹೋಗುವುದಿಲ್ಲ. ಮೂಡಲ್‌ನ ಮೊಬೈಲ್ ಆ್ಯಪ್ ಸರ್ವರ್ ಜೊತೆ ಮಾತಾಡುವ ಬಾಗಿಲಿನಿಂದಲೇ ಒಳಗೆ ಹೋಗಿ, ನಿಮ್ಮ ವಿಷಯಗಳಲ್ಲಿ ಏನೇನಿದೆ ಎಂದು ಪಟ್ಟಿ ಕೇಳಿ ತರಿಸಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಕಾಲೇಜಿನಲ್ಲಿ ಇದು ನಡೆಯುತ್ತದೆಯೇ ಎಂದು ಮುಂಚೆಯೇ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಫೋನಿನಲ್ಲಿ ಮೂಡಲ್‌ನ ಅಧಿಕೃತ ಆ್ಯಪ್ ಹಾಕಿ, ಕಾಲೇಜಿನ ವಿಳಾಸ ಕೊಟ್ಟು ಲಾಗಿನ್ ಆಗಿ. ಅಲ್ಲಿ ವಿಷಯಗಳು ಕಂಡರೆ ಇಲ್ಲೂ ಸಾಮಾನ್ಯವಾಗಿ ಆಗುತ್ತದೆ. ಮೊಬೈಲ್ ಸೇವೆಯನ್ನೇ ಕಾಲೇಜು ಮುಚ್ಚಿದ್ದರೆ ಎರಡೂ ನಡೆಯುವುದಿಲ್ಲ.

ಕಂಪ್ಯೂಟರ್‌ನಲ್ಲಿ ಪೈಥಾನ್ ಇದ್ದರೆ ಉಳಿದದ್ದು ಇಷ್ಟೇ:

```
pip install moodle-dl
mkdir lms
cd lms
moodle-dl --init
moodle-dl
```

`--init` ಎಂದಾಗ ಪೋರ್ಟಲ್‌ನ ವಿಳಾಸ, ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಕಾಲೇಜಿನ ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವವರು `moodle-dl --init --sso` ಎಂದು ಕೊಡಬೇಕು. ಯಾವ ಯಾವ ವಿಷಯ ಬೇಕು ಎಂಬಂಥ ಆಯ್ಕೆಗಳನ್ನು ಹೊಂದಿಸಲು `moodle-dl --config` ಇದೆ. ಒಬ್ಬ ವಿದ್ಯಾರ್ಥಿನಿಗೆ ಡೇಟಾಬೇಸ್, ನೆಟ್‌ವರ್ಕ್, ಗಣಿತ ಈ ಮೂರೇ ಬೇಕು ಎಂದಿಟ್ಟುಕೊಳ್ಳೋಣ. ಅವಳು ಅವನ್ನಷ್ಟೇ ಗುರುತು ಮಾಡಿ ಕೊನೆಯ ಸಾಲು ಓಡಿಸಿದರೆ, ವಿಷಯಕ್ಕೊಂದು ಫೋಲ್ಡರ್, ಅದರೊಳಗೆ ಪಾಠದ ಭಾಗಗಳು ಹೀಗೆ ಜೋಡಿಸಿಕೊಂಡು ಫೈಲುಗಳು ಬರುತ್ತವೆ. ಮುಂದಿನ ವಾರ ಮತ್ತೆ `moodle-dl` ಎಂದಷ್ಟೇ ಕೊಟ್ಟರೆ ಹೊಸದಾಗಿ ಹಾಕಿದ್ದು, ಮೇಷ್ಟ್ರು ತಿದ್ದಿ ಮತ್ತೆ ಹಾಕಿದ್ದು ಮಾತ್ರ ಇಳಿಯುತ್ತದೆ. ಏನೇನು ಬಂದಿದೆ ಎಂಬ ಲೆಕ್ಕ ಅದೇ ಫೋಲ್ಡರ್‌ನಲ್ಲಿರುವುದರಿಂದ ಪ್ರತಿ ಸಲವೂ ಅಲ್ಲಿಂದಲೇ ಓಡಿಸಬೇಕು. ವಿಂಡೋಸ್‌ನಲ್ಲಿ ಈ ಫೋಲ್ಡರ್ ಡ್ರೈವ್‌ನ ಮೊದಲಲ್ಲೇ, `D:\lms` ಎಂಬಂತೆ ಇದ್ದರೆ ಒಳ್ಳೆಯದು. ವಿಷಯದ ಉದ್ದ ಹೆಸರು, ಯೂನಿಟ್‌ನ ಉದ್ದ ಹೆಸರು ಸೇರಿ ದಾರಿ 260 ಅಕ್ಷರ ದಾಟಿದರೆ ಕೆಲವು ಫೈಲುಗಳು ಉಳಿಯದೇ ಹೋಗಬಹುದು.

ಅಸೈನ್‌ಮೆಂಟ್‌ಗಳಿಗೆ ಬೇರೆ ಗಮನ ಬೇಕು. ಕೆಲವರು ಪ್ರಶ್ನೆಗಳನ್ನು ಪಿಡಿಎಫ್ ಆಗಿ ಲಗತ್ತಿಸುತ್ತಾರೆ, ಕೆಲವರು ಅಸೈನ್‌ಮೆಂಟ್ ಪುಟದಲ್ಲೇ ಟೈಪ್ ಮಾಡುತ್ತಾರೆ. ಹೀಗೆ ಟೈಪ್ ಮಾಡಿದ್ದೂ ಬೇಕಾದರೆ ವಿವರಣೆಗಳನ್ನು ಇಳಿಸುವ ಆಯ್ಕೆಗೆ ಹೌದು ಎನ್ನಬೇಕು, ನೀವೇ ಸಲ್ಲಿಸಿದ ಉತ್ತರಗಳು ಬೇಕಾದರೆ ಅದಕ್ಕೂ ಬೇರೆ ಆಯ್ಕೆ ಇದೆ. ಕೊನೆಯ ದಿನಾಂಕಕ್ಕೆ ಮಾತ್ರ ಇಳಿಸಿಕೊಂಡ ಪ್ರತಿಯನ್ನು ನೆಚ್ಚಬಾರದು. ಮೇಷ್ಟ್ರು ದಿನಾಂಕ ಮುಂದೂಡಿದರೆ ಅದು ಪೋರ್ಟಲ್‌ನಲ್ಲಿ ಬದಲಾಗುತ್ತದೆ, ಪಿಡಿಎಫ್‌ನೊಳಗೆ ಹಳೆಯದೇ ಇರುತ್ತದೆ.

ಎಲ್ಲ ಬಂತೇ ಎಂದು ನೋಡುವಾಗ ಎರಡು ಕೊರತೆ ಕಾಣಬಹುದು. ಮೇಷ್ಟ್ರು ಸ್ಲೈಡನ್ನು ಗೂಗಲ್ ಡ್ರೈವ್‌ನಲ್ಲಿಟ್ಟು ಪೋರ್ಟಲ್‌ನಲ್ಲಿ ಬರೀ ಲಿಂಕ್ ಕೊಟ್ಟಿದ್ದರೆ, ಬರುವುದು ಲಿಂಕ್ ಮಾತ್ರ ಅಥವಾ ಡ್ರೈವ್‌ನ ಲಾಗಿನ್ ಪುಟ. ಅನುಮಾನ ಬಂದ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಅಕ್ಷರ ನೋಡಿ: ನಿಜವಾದ ಪಿಡಿಎಫ್ `%PDF` ಎಂದು, ಪಿಪಿಟಿಎಕ್ಸ್ ಆದರೆ `PK` ಎಂದು ಶುರುವಾಗುತ್ತದೆ. `<html` ಎಂದಿದ್ದರೆ ಅದು ಪಾಠವಲ್ಲ, ವೆಬ್ ಪುಟ. ಇಂಥವನ್ನು ಕೈಯಿಂದಲೇ ಇಳಿಸಬೇಕು.

ಎರಡನೆಯದು ಇನ್ನೂ ಸೂಕ್ಷ್ಮ. ಮೊದಲ ಯೂನಿಟ್ ನೋಡಿದವರಿಗಷ್ಟೇ ಎರಡನೆಯದು ತೆರೆಯುವಂತೆ ಕೆಲವು ವಿಷಯಗಳನ್ನು ಹೊಂದಿಸಿರುತ್ತಾರೆ. ಈ ಸಲಕರಣೆ ಫೈಲನ್ನು ನೇರ ತರುತ್ತದೆ, ನಡುವಿನ ಪುಟ ತೆರೆಯುವುದಿಲ್ಲ. ಆದ್ದರಿಂದ ನೀವು ಸ್ಲೈಡನ್ನು ಪೂರ್ತಿ ಓದಿದ್ದರೂ ಪೋರ್ಟಲ್‌ನ ಲೆಕ್ಕದಲ್ಲಿ ನೋಡಿಲ್ಲವೆಂದೇ ಇರುತ್ತದೆ, ಮುಂದಿನ ಯೂನಿಟ್ ಬೀಗ ಬಿದ್ದೇ ಇರುತ್ತದೆ. ನೋಡಿದ್ದಕ್ಕೂ ಅಂಕ ಇಟ್ಟಿರುವ ವಿಷಯಗಳಲ್ಲಂತೂ ಬ್ರೌಸರ್‌ನಲ್ಲಿ ಒಮ್ಮೆ ತೆರೆದೇ ತೀರಬೇಕು.

ಇಳಿಸಿದ್ದನ್ನು ಪೆನ್‌ಡ್ರೈವ್‌ನಲ್ಲಿ ಗೆಳೆಯರಿಗೆ ಕೊಡುವುದು ಹಾಸ್ಟೆಲ್‌ಗಳಲ್ಲಿ ಸಹಜ. ಆದರೆ ಅದೇ `lms` ಫೋಲ್ಡರ್‌ನಲ್ಲಿ `config.json` ಎಂಬ ಪುಟ್ಟ ಫೈಲ್ ಇರುತ್ತದೆ. ಪಾಸ್‌ವರ್ಡ್ ಅದರಲ್ಲಿ ಇರುವುದಿಲ್ಲ, ನಿಮ್ಮ ಟೋಕನ್ ಇರುತ್ತದೆ. ಅದು ಸಿಕ್ಕವರು ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಹೆಸರಿನಲ್ಲಿ ಪೋರ್ಟಲ್ ಬಳಸಬಹುದು. ಫೋಲ್ಡರ್ ಇಡಿಯಾಗಿ ಕೊಡಬೇಡಿ, ವಿಷಯದ ಫೋಲ್ಡರ್‌ಗಳನ್ನಷ್ಟೇ ಕಾಪಿ ಮಾಡಿ. ಟೋಕನ್ ಆಗಲೇ ಹೊರಗೆ ಹೋಗಿದ್ದರೆ ಪೋರ್ಟಲ್‌ನ Preferences ಪುಟದಲ್ಲಿ Security keys ತೆರೆದು Reset ಒತ್ತಿ. ಹಳೆಯ ಟೋಕನ್ ಆ ಕ್ಷಣವೇ ಕೆಲಸ ನಿಲ್ಲಿಸುತ್ತದೆ. ನೀವು `moodle-dl --new-token` ಎಂದು ಕೊಟ್ಟು ಹೊಸ ಟೋಕನ್ ಪಡೆಯಬೇಕಾಗುತ್ತದೆ.