ಪಿನ್ ಎಲ್ಲಿ ಕತ್ತರಿಸುತ್ತದೆ?

ಕಬ್ಬು ತುಂಬಿದ ಟ್ರೇಲರನ್ನು ಟ್ರ್ಯಾಕ್ಟರ್ ಎಳೆದುಕೊಂಡು ಹೋಗುವಾಗ ಎರಡರ ನಡುವಿನ ಕೊಂಡಿಯನ್ನು ಒಮ್ಮೆ ಗಮನಿಸಿ ನೋಡಿ. ಟ್ರ್ಯಾಕ್ಟರ್ ಹಿಂಬದಿಯಲ್ಲಿ ಮೇಲೊಂದು ಕೆಳಗೊಂದು ಉಕ್ಕಿನ ತಟ್ಟೆ ಇರುತ್ತದೆ. ಆ ಎರಡರ ನಡುವೆ ಟ್ರೇಲರಿನ ಮೂತಿ ಬಂದು ಕೂರುತ್ತದೆ. ಮೂರಕ್ಕೂ ಒಂದೇ ನೇರಕ್ಕೆ ತೂತು, ಆ ತೂತಿನೊಳಗೆ ಮೇಲಿಂದ ಇಳಿಬಿಟ್ಟ ಒಂದು ಪಿನ್. ಟ್ರೇಲರಿನ ಎಳೆತವೆಲ್ಲ ಆ ಒಂದು ಪಿನ್ನಿನ ಮೂಲಕವೇ ಹಾದುಹೋಗಬೇಕು.

ಡಿಪ್ಲೊಮಾ, ಎಂಜಿನಿಯರಿಂಗ್ ಪರೀಕ್ಷೆಗಳಲ್ಲಿ, ಜೂನಿಯರ್ ಎಂಜಿನಿಯರ್ ಹುದ್ದೆಯ ಸ್ಪರ್ಧಾ ಪರೀಕ್ಷೆಗಳಲ್ಲಿ ಈ ಕೊಂಡಿ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಅದನ್ನು ಸರಳ ಮಾಡಿ ಕೇಳುತ್ತಾರೆ. ಎಳೆತ 40 ಕಿಲೋನ್ಯೂಟನ್, ಅಂದರೆ ಸುಮಾರು 4 ಟನ್ ಭಾರವನ್ನು ನೇತುಹಾಕಿದಷ್ಟು. ಪಿನ್ನಿನ ವ್ಯಾಸ 20 ಮಿಲಿಮೀಟರ್. ನಡುವಿನ ಪಟ್ಟಿಯ ಅಗಲ 60, ದಪ್ಪ 12 ಮಿಲಿಮೀಟರ್. ಪಿನ್ನಿನಲ್ಲಿ ಶಿಯರ್ ಸ್ಟ್ರೆಸ್ ಎಷ್ಟು? ಕೊಟ್ಟಿರುವ ಆಯ್ಕೆಗಳು 15.9, 31.8, 63.7 ಮತ್ತು 127.3 ಮೆಗಾಪ್ಯಾಸ್ಕಲ್.

ಸ್ಟ್ರೆಸ್ ಎಂದರೆ ಬಲವನ್ನು ಆ ಬಲ ಹೊರುವ ವಿಸ್ತೀರ್ಣದಿಂದ ಭಾಗಿಸಿದಾಗ ಸಿಗುವ ಅಂಕಿ. ನ್ಯೂಟನ್‌ಗಳನ್ನು ಚದರ ಮಿಲಿಮೀಟರ್‌ಗಳಿಂದ ಭಾಗಿಸಿದರೆ ನೇರವಾಗಿ ಮೆಗಾಪ್ಯಾಸ್ಕಲ್ ಬರುತ್ತದೆ. ಭಾಗಾಕಾರ ಯಾರಿಗೂ ಕಷ್ಟವಲ್ಲ. ಯಾವುದರಿಂದ ಭಾಗಿಸಬೇಕು ಎನ್ನುವುದರಲ್ಲೇ ತೊಡಕು. 20 ಮಿಲಿಮೀಟರ್ ವ್ಯಾಸದ ವೃತ್ತದ ವಿಸ್ತೀರ್ಣ 314 ಚದರ ಮಿಲಿಮೀಟರ್. 40,000 ನ್ಯೂಟನ್ ಅನ್ನು 314ರಿಂದ ಭಾಗಿಸಿದರೆ 127.3. ಆ ಉತ್ತರ ಆಯ್ಕೆಗಳಲ್ಲೂ ಇದೆ, ಹಾಗಾಗಿ ಅನುಮಾನವೇ ಬರುವುದಿಲ್ಲ. ಆದರೆ ಉತ್ತರ ತಪ್ಪು.

ಪಿನ್ ಪೂರಾ ಕತ್ತರಿಸಿಹೋಯಿತು ಎಂದು ಒಮ್ಮೆ ಕಲ್ಪಿಸಿಕೊಳ್ಳಿ. ಮೇಲಿನ ತಟ್ಟೆಯಲ್ಲಿ ಒಂದು ತುಂಡು ಉಳಿಯುತ್ತದೆ, ಕೆಳಗಿನ ತಟ್ಟೆಯಲ್ಲಿ ಒಂದು ತುಂಡು. ನಡುವಿನ ತುಂಡು ಪಟ್ಟಿಯ ಜೊತೆಗೇ ಹೊರಟುಹೋಗುತ್ತದೆ. ಮೂರು ತುಂಡಾಗಬೇಕಾದರೆ ಎರಡು ಕಡೆ ಕತ್ತರಿಸಲೇಬೇಕು. ಹಾಗಾಗಿ ಬಲ ಹೊರುವ ವಿಸ್ತೀರ್ಣ 314ರ ಎರಡು ಪಟ್ಟು, 628. ಸರಾಸರಿ ಶಿಯರ್ ಸ್ಟ್ರೆಸ್ 63.7. ಇದನ್ನೇ ಡಬಲ್ ಶಿಯರ್ ಎನ್ನುವುದು. ಎರಡೇ ತಟ್ಟೆಗಳನ್ನು ಒಂದರ ಮೇಲೊಂದಿಟ್ಟು ರಿವೆಟ್ ಹೊಡೆದಿದ್ದರೆ ಕತ್ತರಿಸುವ ಜಾಗ ಒಂದೇ ಆಗಿರುತ್ತಿತ್ತು, ಆಗ 127.3 ಸರಿಯಾಗುತ್ತಿತ್ತು.

ಉಳಿದ ಎರಡು ಆಯ್ಕೆಗಳೂ ಸುಮ್ಮನೆ ಬಂದವಲ್ಲ. ವ್ಯಾಸವನ್ನೇ ತ್ರಿಜ್ಯ ಎಂದುಕೊಂಡರೆ ವಿಸ್ತೀರ್ಣ ನಾಲ್ಕು ಪಟ್ಟು ಆಗಿಬಿಡುತ್ತದೆ. ಆ ತಪ್ಪಿನೊಂದಿಗೆ ಒಂದು ಕಡೆ ಕತ್ತರಿಸುವ ಲೆಕ್ಕ ಹಾಕಿದವರಿಗೆ 31.8, ಎರಡು ಕಡೆ ಎಂದವರಿಗೆ 15.9. ಪ್ರಶ್ನೆ ತಯಾರಿಸುವವರು ಮೊದಲು ತಾವೇ ತಪ್ಪು ದಾರಿಗಳಲ್ಲಿ ನಡೆದು ನೋಡಿ, ಸಿಕ್ಕ ಅಂಕಿಗಳನ್ನೇ ಆಯ್ಕೆಗಳಾಗಿ ಇಡುತ್ತಾರೆ. ಆದ್ದರಿಂದ 'ನನ್ನ ಉತ್ತರ ಪಟ್ಟಿಯಲ್ಲಿದೆ' ಎಂಬುದು ಉತ್ತರ ಸರಿ ಎನ್ನುವುದಕ್ಕೆ ಸಾಕ್ಷಿಯಲ್ಲ.

ಈಗ ಪಿನ್ ಬಿಟ್ಟು ಪಟ್ಟಿಗೆ ಬರೋಣ. ಅದೇ 40 ಕಿಲೋನ್ಯೂಟನ್. ಪಟ್ಟಿಯಲ್ಲಿ ಎಳೆತದ ಸ್ಟ್ರೆಸ್ ಗರಿಷ್ಠ ಎಷ್ಟು ಎಂದರೆ, 60ನ್ನು 12ರಿಂದ ಗುಣಿಸಿ 720 ಎಂದು ಬರೆದು 55.6 ಎಂದು ಗುರುತು ಹಾಕುವವರು ಬಹಳ. ಪಟ್ಟಿ ಹರಿದರೆ ಎಲ್ಲಿ ಹರಿಯುತ್ತದೆ? ತೂತಿನ ಅಡ್ಡಕ್ಕೆ. ಅಲ್ಲಿ 60ರಲ್ಲಿ 20 ಮಿಲಿಮೀಟರ್ ಖಾಲಿ. ಉಳಿದ 40 ಮಿಲಿಮೀಟರ್ ಅಗಲವೇ ಎಲ್ಲ ಬಲವನ್ನೂ ಹೊರಬೇಕು. ವಿಸ್ತೀರ್ಣ 480, ಸ್ಟ್ರೆಸ್ 83.3. ತೂತಿನ ಜಾಗ ತುಂಬುವಂತೆ ಪಿನ್ ಕೂತಿದೆಯಲ್ಲ ಎಂದು ಕೆಲವರು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಪಿನ್ ಪಟ್ಟಿಗೆ ಅಂಟಿಕೊಂಡಿಲ್ಲ. ಅದು ತೂತಿನ ಗೋಡೆಯನ್ನು ಒಂದು ಬದಿಯಿಂದ ತಳ್ಳಬಲ್ಲದು, ಎರಡೂ ಬದಿಗಳನ್ನು ಹಿಡಿದು ಎಳೆಯಲಾರದು.

ಈ 83.3 ಕೂಡ ಸರಾಸರಿಯೇ. ತುಂಬ ಅಗಲವಾದ ತಗಡಿನಲ್ಲಿ ಒಂದು ಸಣ್ಣ ಖಾಲಿ ತೂತಿದ್ದರೆ, ತೂತಿನ ಅಂಚಿನಲ್ಲಿ ಸ್ಟ್ರೆಸ್ ದೂರದಲ್ಲಿ ಇರುವುದರ ಮೂರು ಪಟ್ಟಾಗುತ್ತದೆ ಎಂದು ಜರ್ಮನಿಯ ಕಿರ್ಶ್ 1898ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ನಮ್ಮ ಪಟ್ಟಿಯಲ್ಲೂ ತೂತಿನ ಅಂಚಿಗೆ ಸರಾಸರಿಗಿಂತ ಹೆಚ್ಚೇ ಬೀಳುತ್ತದೆ. ಮೆದು ಉಕ್ಕು ಅಂಥ ಕಡೆ ಸ್ವಲ್ಪ ಬಾಗಿಕೊಟ್ಟು ಭಾರವನ್ನು ಪಕ್ಕಕ್ಕೆ ಹಂಚಿಬಿಡುವುದರಿಂದ ಒಂದೇ ಸಮನೆ ನಿಂತ ಭಾರಕ್ಕೆ ಸರಾಸರಿಯ ಲೆಕ್ಕ ನಡೆಯುತ್ತದೆ. ದಿನವೂ ಸಾವಿರಾರು ಬಾರಿ ಜಗ್ಗಿ ಬಿಡುವ ಕೊಂಡಿಗೆ ಅಷ್ಟು ಸಾಲದು, ಬಿರುಕು ಹುಟ್ಟುವುದು ಆ ಅಂಚಿನಲ್ಲೇ.

ಮೂರನೆಯ ಪ್ರಶ್ನೆಯಲ್ಲಿ ಚೆನ್ನಾಗಿ ಓದಿದವರೂ ಎಡವುತ್ತಾರೆ. ಪಿನ್ ಪಟ್ಟಿಯ ಗೋಡೆಯನ್ನು ಒತ್ತುತ್ತದೆಯಲ್ಲ, ಆ ಒತ್ತುವ ಸ್ಟ್ರೆಸ್ ಎಷ್ಟು? ಇದಕ್ಕೆ ಬೇರಿಂಗ್ ಸ್ಟ್ರೆಸ್ ಎಂದು ಹೆಸರು. ಪಿನ್ ತಾಗುವುದು ಅರ್ಧ ಸಿಲಿಂಡರಿನ ಬಾಗಿದ ಮೈಗೆ, ಅದರ ವಿಸ್ತೀರ್ಣ 377, ಉತ್ತರ 106.1 ಎಂಬ ತರ್ಕ ಕೇಳಲು ಸರಿಯಾಗಿಯೇ ಇದೆ. ಆದರೆ ಬಾಗಿದ ಮೈಯ ಮೇಲೆ ಒತ್ತಡ ಒಂದೇ ದಿಕ್ಕಿಗೆ ಇರುವುದಿಲ್ಲ, ಪ್ರತಿ ಬಿಂದುವಿನಲ್ಲೂ ಮೈಗೆ ನೆಟ್ಟಗೆ ಇರುತ್ತದೆ. ಎಡಕ್ಕೆ ತಳ್ಳುವ ಭಾಗ ಬಲಕ್ಕೆ ತಳ್ಳುವ ಭಾಗವನ್ನು ರದ್ದು ಮಾಡುತ್ತದೆ. ಎಳೆತದ ದಿಕ್ಕಿಗೆ ಉಳಿಯುವುದನ್ನು ಮಾತ್ರ ಕೂಡಿಸಿದರೆ ಪಿನ್ನಿನ ನೆರಳಿನ ವಿಸ್ತೀರ್ಣವಷ್ಟೇ ಲೆಕ್ಕಕ್ಕೆ ಬರುತ್ತದೆ. ಎಳೆತದ ದಿಕ್ಕಿನಲ್ಲಿ ಬೆಳಕು ಬಿಟ್ಟರೆ 20 ಮಿಲಿಮೀಟರ್ ವ್ಯಾಸದ ಪಿನ್, 12 ಮಿಲಿಮೀಟರ್ ದಪ್ಪದ ಪಟ್ಟಿಯೊಳಗೆ ಬೀಳಿಸುವ ನೆರಳು ಒಂದು ಆಯತ, 240 ಚದರ ಮಿಲಿಮೀಟರ್. ಬೇರಿಂಗ್ ಸ್ಟ್ರೆಸ್ 166.7. ಈ ನೆರಳಿನ ಲೆಕ್ಕ ಬಾಯಿಪಾಠ ಮಾಡುವ ಸೂತ್ರವಲ್ಲ. ನೀರಿನ ಒತ್ತಡ ತುಂಬಿದ ತೆಳು ಕೊಳವೆ ಉದ್ದಕ್ಕೆ ಸೀಳುವ ಲೆಕ್ಕದಲ್ಲೂ ಇದೇ ಕಾರಣಕ್ಕೆ ಇದೇ ಆಯತ ಬರುತ್ತದೆ.

ಹೀಗೆ ಒಂದೇ ಬಲ, ಒಂದೇ ಕೊಂಡಿ, ಆದರೂ 63.7, 83.3, 166.7 ಎಂಬ ಮೂರು ಸರಿ ಉತ್ತರಗಳು. ತರಗತಿಯಲ್ಲಿ ನಾನು ಸೂತ್ರ ಬರೆಯುವ ಮೊದಲು ಮುರಿದ ತುಂಡಿನ ಚಿತ್ರ ಬರೆಸುತ್ತೇನೆ. ಮುರಿದ ಮುಖಕ್ಕೆ ಪೆನ್ಸಿಲಿನಲ್ಲಿ ಗೆರೆ ತುಂಬಿಸಿದ ಮೇಲೆ ವಿಸ್ತೀರ್ಣ ತಾನಾಗಿ ಕಾಣುತ್ತದೆ.

ಒಮ್ಮೆ ಒಬ್ಬಳು ವಿದ್ಯಾರ್ಥಿನಿ ಕೇಳಿದಳು: 'ಸರ್, ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಬ್ರೇಕ್ ಹಾಕಿದರೆ ಟ್ರೇಲರ್ ಹಿಂದಿನಿಂದ ತಳ್ಳುತ್ತದಲ್ಲ, ಆಗ?' ನಾವು ಚಿತ್ರವನ್ನು ಮತ್ತೆ ಬರೆದೆವು. ತಳ್ಳುವ ಬಲ ಅದೇ 40 ಕಿಲೋನ್ಯೂಟನ್ ಎಂದಿಟ್ಟುಕೊಂಡೆವು. ಪಿನ್ನಿನ ಶಿಯರ್ ಬದಲಾಗಲಿಲ್ಲ, ಬೇರಿಂಗೂ ಅಷ್ಟೇ. ಆದರೆ ಪಿನ್ ಈಗ ತೂತಿನ ಇನ್ನೊಂದು ಬದಿಯ ಗೋಡೆಗೆ, ಟ್ರೇಲರ್ ಕಡೆಯ ಗೋಡೆಗೆ, ಒತ್ತಿಕೊಂಡಿತ್ತು. ಬಲ ಅಲ್ಲಿಂದ ನೇರವಾಗಿ ಪಟ್ಟಿಯ ಇಡೀ ಮೈಗೆ ಹೋಗುತ್ತದೆ, ತೂತಿನ ಅಕ್ಕಪಕ್ಕ ಸುತ್ತಿಕೊಂಡು ಹೋಗುವ ಅಗತ್ಯವೇ ಇಲ್ಲ. ಆ 480ಕ್ಕೆ ಕೆಲಸವಿಲ್ಲದಾಯಿತು. ಪಟ್ಟಿಯ ಮೈಯಲ್ಲಿ ಒತ್ತುವ ಸ್ಟ್ರೆಸ್‌ಗೆ ಪೂರ್ತಿ 720ರಿಂದ ಭಾಗಿಸಬೇಕು, ಉತ್ತರ 55.6. ಸ್ವಲ್ಪ ಹೊತ್ತಿನ ಮುಂಚೆ ಅದೇ ಅಂಕಿಯ ಮೇಲೆ ನಾನು ಕೆಂಪು ಗೆರೆ ಎಳೆದಿದ್ದೆ.