70 ಪರ್ಸೆಂಟ್ ಬ್ಲಾಕ್: ಎಲ್ಲಿ? ಯಾವುದಕ್ಕೆ ಹೋಲಿಸಿ?

ಆಂಜಿಯೋಗ್ರಾಂ ರಿಪೋರ್ಟಿನಲ್ಲಿ ‘ಮಿಡ್ ಎಲ್‌ಎಡಿ, 70%’ ಎಂಬ ಸಾಲು ಇದ್ದರೆ ಮನೆಮಂದಿಯ ಕಣ್ಣು ಆ 70ರ ಮೇಲೇ ನಿಲ್ಲುತ್ತದೆ. ಅದರ ಮುಂದಿರುವ ಎರಡು ಪದಗಳನ್ನು ಯಾರೂ ಕೇಳುವುದಿಲ್ಲ. ಆದರೆ ವೈದ್ಯರು ಮೊದಲು ಹುಡುಕುವುದು ಅವನ್ನೇ.

ಎಕ್ಸ್‌ರೇಗೆ ರಕ್ತನಾಳ ಕಾಣುವುದಿಲ್ಲ. ಸಪೂರ ಕ್ಯಾತಿಟರನ್ನು ಮುಂಗೈ ಅಥವಾ ತೊಡೆಸಂದಿಯ ನಾಳದಿಂದ ಹೃದಯದ ನಾಳದ ಬಾಯಿಗೆ ಒಯ್ದು, ಅದರ ಮೂಲಕ ಡೈ ಬಿಟ್ಟಾಗ ಡೈ ಹರಿದ ಜಾಗ ಮಾತ್ರ ಕಪ್ಪಾಗಿ ಮೂಡುತ್ತದೆ. ಈ ಬಗೆಯ ಪರೀಕ್ಷೆಗೆ ದಾರಿ ತೆರೆದದ್ದು 1958ರಲ್ಲಿ. ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನಲ್ಲಿ ಡಾ. ಮೇಸನ್ ಸೋನ್ಸ್ ಮಹಾಪಧಮನಿಗೆ ಬಿಡಬೇಕಿದ್ದ ಡೈ ಆಕಸ್ಮಿಕವಾಗಿ ನೇರ ಬಲ ಕರೋನರಿ ನಾಳಕ್ಕೇ ಹೋಯಿತು. ರೋಗಿ ಬದುಕಿಕೊಂಡರು, ನಾಳವೂ ಸ್ಪಷ್ಟವಾಗಿ ಕಂಡಿತು. ಅಂದು ಕಂಡದ್ದೂ ಇಂದು ಕಾಣುವುದೂ ನಾಳದ ಒಳಗಿನ ಟೊಳ್ಳು ಮಾತ್ರ. ಗೋಡೆಯೊಳಗೆ ಎಷ್ಟು ಕೊಬ್ಬು ಸೇರಿದೆ ಎಂಬುದನ್ನು ಈ ಚಿತ್ರ ಹೇಳದು.

ಒಂದು ಚಿತ್ರವನ್ನು ಓದಿಯೇ ನೋಡೋಣ. ಎಡಗಡೆಯ ಮುಖ್ಯ ನಾಳ ಸ್ವಲ್ಪ ದೂರ ಸಾಗಿ ಎರಡಾಗಿ ಒಡೆದಿದೆ. ಒಂದು ಕವಲು ಹೃದಯವನ್ನು ಬಳಸಿ ಹಿಂದಕ್ಕೆ ಹೋಗುತ್ತದೆ, ಅದು ಸರ್ಕಮ್‌ಫ್ಲೆಕ್ಸ್. ಇನ್ನೊಂದು ಹೃದಯದ ಮುಂಭಾಗದಲ್ಲಿ ತುದಿಯವರೆಗೆ ಇಳಿಯುತ್ತದೆ. ಅದರ ಒಂದು ಮಗ್ಗುಲಿನಿಂದ ಬಾಚಣಿಗೆಯ ಹಲ್ಲುಗಳಂತೆ ಸಣ್ಣ ನಾಳಗಳು ಹೊರಟು, ಎಡ–ಬಲ ಕೋಣೆಗಳ ನಡುವಿನ ಗೋಡೆಯನ್ನು ಹೊಗುತ್ತವೆ. ಇವು ಸೆಪ್ಟಲ್ ಕವಲುಗಳು. ಇವು ಕಂಡವೆಂದರೆ ನಾಳ ಎಲ್‌ಎಡಿ ಎಂಬುದು ಖಚಿತ. ಮೊದಲ ದೊಡ್ಡ ಸೆಪ್ಟಲ್ ಹೊರಡುವವರೆಗಿನದು ಪ್ರಾಕ್ಸಿಮಲ್, ಅಂದರೆ ಆರಂಭದ ಭಾಗ. ಅಲ್ಲಿಂದ ಮುಂದಿನದು ಮಿಡ್, ತುದಿಯ ಕಡೆಯದು ಡಿಸ್ಟಲ್. ನಮ್ಮ ಚಿತ್ರದಲ್ಲಿ ನಾಳ ಕಿರಿದಾಗಿರುವುದು ಮೊದಲ ಸೆಪ್ಟಲ್ ದಾಟಿದ ಕೂಡಲೇ. ಆದ್ದರಿಂದ ಅದು ಮಿಡ್ ಎಲ್‌ಎಡಿ. ಇದೇ ಬ್ಲಾಕ್ ಒಂದೆರಡು ಸೆಂಟಿಮೀಟರ್ ಮೇಲಿದ್ದಿದ್ದರೆ ಅಪಾಯಕ್ಕೆ ಸಿಲುಕುವ ಹೃದಯಸ್ನಾಯು ಇನ್ನೂ ಹೆಚ್ಚಾಗುತ್ತಿತ್ತು. ಎಡ ಮುಖ್ಯ ನಾಳದಲ್ಲಾದರೆ 50 ಪರ್ಸೆಂಟನ್ನೂ ವೈದ್ಯರು ಗಂಭೀರವೆಂದೇ ಎಣಿಸುತ್ತಾರೆ.

ಇನ್ನು ಲೆಕ್ಕ. ಚಿತ್ರದಲ್ಲೇ ಕಾಣುವ ಕ್ಯಾತಿಟರ್ ಅಳತೆಗೋಲಿನ ಕೆಲಸ ಮಾಡುತ್ತದೆ. 6 ಫ್ರೆಂಚ್ ಎಂಬ ಗಾತ್ರದ್ದು 2 ಮಿಲಿಮೀಟರ್ ದಪ್ಪ. ಅದಕ್ಕೆ ಹೋಲಿಸಿದರೆ ಕಿರಿದಾದ ಜಾಗದ ಪಕ್ಕದಲ್ಲಿ ನಾಳ ಚೆನ್ನಾಗಿರುವ ಕಡೆ ಅಗಲ 3 ಮಿ.ಮೀ., ಅತಿ ಕಿರಿದಾದ ಕಡೆ 0.9 ಮಿ.ಮೀ. ಮೂರರಲ್ಲಿ 2.1 ಕಳೆದುಹೋಗಿದೆ, ಅದೇ 70 ಪರ್ಸೆಂಟ್. ಇದು ಅಗಲದ ಲೆಕ್ಕ, ರಕ್ತ ಸಾಗುವ ವೃತ್ತದ ವಿಸ್ತೀರ್ಣದ್ದಲ್ಲ. ಅಗಲ 70 ಪರ್ಸೆಂಟ್ ಕುಗ್ಗಿದರೆ ವಿಸ್ತೀರ್ಣ 91 ಪರ್ಸೆಂಟ್ ಕುಗ್ಗಿರುತ್ತದೆ. 50 ಕುಗ್ಗಿದರೆ 75. ಹೀಗಾಗಿ ಒಂದೇ ಬ್ಲಾಕಿಗೆ ಎರಡು ಕಡೆ ಎರಡು ಅಂಕಿ ಬಂದರೆ ಯಾರೋ ಸುಳ್ಳು ಹೇಳಿದ್ದಾರೆಂದು ಗಾಬರಿಯಾಗಬೇಕಿಲ್ಲ. ಯಾವ ಲೆಕ್ಕ ಎಂದು ಕೇಳಿದರೆ ಸಾಕು.

ತಪ್ಪುವ ದಾರಿಗಳೂ ಇವೆ. ಮಧುಮೇಹಿಗಳಲ್ಲಿ ಹಲವರ ನಾಳ ಉದ್ದಕ್ಕೂ ಸಪೂರವಾಗಿರುತ್ತದೆ. ಪಕ್ಕದ ‘ಚೆನ್ನಾಗಿರುವ’ ಜಾಗವೇ 2.2 ಮಿ.ಮೀ.ಗೆ ಇಳಿದಿದ್ದರೆ ಅದೇ 0.9 ಮಿ.ಮೀ. ಕಿಂಡಿ 60 ಪರ್ಸೆಂಟಿನಂತೆ ಕಾಣುತ್ತದೆ. ಕಾಯಿಲೆ ಹೆಚ್ಚಿದೆ, ಅಂಕಿ ಇಳಿದಿದೆ! ಕಿಂಡಿ ಗುಂಡಗಿರದೆ ಚಪ್ಪಟೆಯಾಗಿದ್ದರೆ ಒಂದು ಕೋನದಲ್ಲಿ ನಾಳ ಸರಿಯಾಗಿಯೇ ಕಾಣಬಹುದು. ಅದಕ್ಕಾಗಿಯೇ ಕ್ಯಾಮೆರಾವನ್ನು ತಿರುಗಿಸಿ, ಕನಿಷ್ಠ ಎರಡು ಬೇರೆ ಬೇರೆ ಕೋನಗಳಿಂದ ನೋಡಿ, ಹೆಚ್ಚು ಕಿರಿದಾಗಿ ಕಂಡದ್ದನ್ನು ಬರೆಯುತ್ತಾರೆ. ಕೆಲವೊಮ್ಮೆ ಕ್ಯಾತಿಟರ್ ತಾಗಿ ನಾಳ ಸೆಟೆದುಕೊಳ್ಳುತ್ತದೆ. ನೈಟ್ರೋಗ್ಲಿಸರಿನ್ ಕೊಟ್ಟ ಮೇಲೆ ಬಿಡಿಸಿಕೊಂಡರೆ ಅದು ಬ್ಲಾಕ್ ಅಲ್ಲ. ಇಷ್ಟಾದರೂ ಕಣ್ಣಂದಾಜು ಕಣ್ಣಂದಾಜೇ. ಒಂದೇ ಚಿತ್ರಕ್ಕೆ ಅನುಭವಿ ವೈದ್ಯರಿಬ್ಬರು 60 ಮತ್ತು 75 ಎಂದರೆ ಅದು ಅಪರೂಪವಲ್ಲ.

ಮಧ್ಯದ ಅಂಕಿಗಳಲ್ಲಿ ಈ ಅನುಮಾನ ಉಳಿದರೆ ಎಫ್‌ಎಫ್‌ಆರ್ ಪರೀಕ್ಷೆಯಿದೆ. ಒತ್ತಡ ಅಳೆಯುವ ತಂತಿಯನ್ನು ಬ್ಲಾಕ್ ದಾಟಿಸಿ, ಔಷಧ ಕೊಟ್ಟು ರಕ್ತದ ಹರಿವನ್ನು ಹೆಚ್ಚಿಸಿ, ಮುಂದಿನ ಒತ್ತಡವನ್ನು ಹಿಂದಿನದರೊಂದಿಗೆ ಹೋಲಿಸುತ್ತಾರೆ. ಅನುಪಾತ 0.80 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಆ ಬ್ಲಾಕ್ ನಿಜಕ್ಕೂ ರಕ್ತವನ್ನು ತಡೆಯುತ್ತಿದೆ ಎಂದರ್ಥ. ಫೇಮ್ ಎಂಬ ಅಧ್ಯಯನದಲ್ಲಿ, ಕಣ್ಣಿಗೆ 50ರಿಂದ 70 ಪರ್ಸೆಂಟ್ ಎಂದು ಕಂಡಿದ್ದ ಬ್ಲಾಕ್‌ಗಳಲ್ಲಿ ಈ ಪರೀಕ್ಷೆಯಲ್ಲಿ ನಿಜವಾದವು ಸುಮಾರು ಮೂರರಲ್ಲಿ ಒಂದಷ್ಟೇ.

ಎದೆನೋವು ಏಕಾಏಕಿ ಜೋರಾಗಿ ಬಂದು ಹೃದಯಾಘಾತವೇ ಆಗಿದ್ದಾಗ ಇಷ್ಟೆಲ್ಲ ಚರ್ಚೆಗೆ ಸಮಯವಿರುವುದಿಲ್ಲ, ಇರಲೂಬಾರದು. ಉಳಿದ ಸಂದರ್ಭಗಳಲ್ಲಿ ರಿಪೋರ್ಟಿನ ಜೊತೆಗೆ ಆಂಜಿಯೋಗ್ರಾಂನ ಸಿಡಿಯನ್ನೂ ಕೇಳಿ ಪಡೆಯಿರಿ. ಎರಡನೇ ವೈದ್ಯರ ಅಭಿಪ್ರಾಯ ಬೇಕೆನಿಸಿದರೆ ಅವರಿಗೆ ಬೇಕಾಗುವುದು ಅಚ್ಚಾದ ಅಂಕಿಯಲ್ಲ, ಆ ಚಲಿಸುವ ಚಿತ್ರ.